ಐಫೋನ್ 13, 128 ಜಿಬಿ, ನೀಲಿ: ಬಿಲ್ಲಿನ ಮೇಲಿರುವ ಹೆಬ್ಬೆರಳಿನ ಬಗ್ಗೆ

ನಮಸ್ಕಾರ ಸರ್. ನಾನು ಮಂಡ್ಯದವನು. ಕುವೆಂಪುನಗರದಿಂದ ನೀವು ಹಾಕಿರುವ ಐಫೋನ್ ಇನ್ನೂ ಇದೆಯಾ? ಇದ್ದರೆ ಕೆಲವು ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡ್ಕೋಬೇಡಿ. ಫೋನು ನನ್ನ ತಂಗಿಗೆ. ಈ ವರ್ಷ ಕಾಲೇಜಿಗೆ ಸೇರಿದ್ದಾಳೆ. ಚೀಟಿ ಎತ್ತಿದ ದುಡ್ಡು, ಹಾಗಾಗಿ ಒಂದಕ್ಕೆರಡು ಸಲ ಕೇಳಿಯೇ ತಗೊಳ್ಳೋಣ ಅಂತ.

ಮೊದಲು ಬಿಲ್ಲಿನ ವಿಷಯ. ಮೂರನೇ ಫೋಟೋದಲ್ಲಿ ಬಿಲ್ಲು ಹಾಕಿದ್ದೀರಿ, ಸಂತೋಷ. ಆದರೆ ಅದರ ಕೆಳಭಾಗದ ಮೇಲೆ ನಿಮ್ಮ ಹೆಬ್ಬೆರಳಿದೆ. ಫೋನಿನ ಹೆಸರು, ಬಣ್ಣ, ರೇಟು ಎಲ್ಲ ಕಾಣುತ್ತಿದೆ, ಐಎಂಇಐ ನಂಬರ್ ಇರಬೇಕಾದ ಸಾಲೊಂದೇ ಕಾಣುತ್ತಿಲ್ಲ. ಹೆಸರು, ಮೊಬೈಲ್ ನಂಬರ್ ಮುಚ್ಚಿದ್ದರೆ ಏನೂ ಅನ್ನಿಸುತ್ತಿರಲಿಲ್ಲ, ನಾನಾದರೂ ಮುಚ್ಚುತ್ತಿದ್ದೆ. ಐಎಂಇಐಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬಾರದು ಅಂತ ಬೇಕಂತಲೇ ಬೆರಳಿಟ್ಟಿದ್ದರೆ ಅದೂ ಸರಿಯೇ. ಇಲ್ಲಿ ಬರೆಯಬೇಡಿ. ನನಗೆ ಚಾಟ್‌ನಲ್ಲಿ ಎರಡು ಫೋಟೋ ಕಳಿಸಿ: ಬಿಲ್ಲಿನ ಆ ಸಾಲು ಒಂದು, `*#06#` ಒತ್ತಿದಾಗ ಫೋನಿನ ಸ್ಕ್ರೀನ್ ಮೇಲೆ ಬರುವ ನಂಬರ್ ಇನ್ನೊಂದು. ಎರಡು ಐಎಂಇಐ ತೋರಿಸುತ್ತದೆ, ಎರಡೂ ಬೇಕು. ಬಾಕ್ಸ್ ಇದೆ ಅಂತಲೂ ಬರೆದಿದ್ದೀರಿ. ಅದರ ಹಿಂದಿನ ಸ್ಟಿಕ್ಕರ್‌ನಲ್ಲೂ ಅದೇ ನಂಬರ್ ಇರಬೇಕಲ್ವಾ, ಅದನ್ನೂ ಒಂದು ಫೋಟೋ ತೆಗೆಯಿರಿ.

ನಂಬರ್ ಬಂದ ಮೇಲೆ ನಾನು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ನೋಡುತ್ತೇನೆ. ನೀವೇ ನೋಡಬೇಕೆಂದರೂ ಸುಲಭ. ಹೀಗೆ ಟೈಪ್ ಮಾಡಿ, ಸ್ಪೇಸ್ ಬಿಟ್ಟು 15 ಅಂಕಿಯ ಐಎಂಇಐ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಸಾಕು:

```
KYM
```

ಬ್ಲಾಕ್ ಆಗಿದೆ, ಡೂಪ್ಲಿಕೇಟ್ ಅಂತೇನಾದರೂ ಬಂದರೆ ನಾನು ತಗೊಳ್ಳುವುದಿಲ್ಲ, ಎಷ್ಟು ಕಮ್ಮಿ ಮಾಡಿದರೂ ಇಲ್ಲ.

ಇಷ್ಟೊಂದು ಯಾಕೆ ಕೇಳ್ತಾನೆ ಅನ್ನಿಸಬಹುದು. ಹೋದ ವರ್ಷ ನಮ್ಮ ಭಾವ ಪರಿಚಯದವರೊಬ್ಬರ ಹತ್ತಿರ 9,000ಕ್ಕೆ ಒಂದು ಫೋನ್ ತಗೊಂಡರು. ಬಿಲ್ ಎಲ್ಲೋ ಮನೆಯಲ್ಲಿದೆ, ಹುಡುಕಿ ಕೊಡ್ತೀನಿ ಅಂದಿದ್ದರು. ಒಂದು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಸ್ಟೇಷನ್‌ನಿಂದ ಕರೆ ಬಂತು. ಯಾರೋ ಕಳೆದುಕೊಂಡು ದೂರು ಕೊಟ್ಟಿದ್ದ ಫೋನು ಅದು. ಭಾವ ಸುಮ್ನೆ ಹೋಗಿ ಕೊಟ್ಟು ಬಂದರು. ಮಾರಿದವರ ನಂಬರ್ ಆವತ್ತಿನಿಂದ ಸ್ವಿಚ್ ಆಫ್. ನಿಮ್ಮ ಮೇಲೆ ಅನುಮಾನ ಅಂತಲ್ಲ ಸರ್, ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರ ಮನೆ ನಮ್ಮದು, ಅಷ್ಟೇ.

ಬಿಲ್ಲು ನಿಮ್ಮ ಹೆಸರಿನಲ್ಲೇ ಇದೆಯಾ? ತಮ್ಮನದೋ ಸ್ನೇಹಿತರದೋ ಆಗಿದ್ದರೂ ಪರವಾಗಿಲ್ಲ, ಅವರು ಒಂದು ನಿಮಿಷ ಫೋನಿನಲ್ಲಿ ಮಾತಾಡಿದರೆ ಸಾಕು. ಇಎಂಐನಲ್ಲಿ ತಗೊಂಡಿದ್ದರೆ ಕಂತು ಪೂರ್ತಿ ಮುಗಿದಿದೆಯಾ?

ಇನ್ನು ಕಂಡೀಷನ್. "ಒಂದೂ ಸ್ಕ್ರ್ಯಾಚ್ ಇಲ್ಲ, ಹೊಸದರ ಹಾಗಿದೆ" ಅಂತ ಹಾಕಿದ್ದೀರಿ. ನಾಲ್ಕನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಕೆಳಗೆ ಬಲಗಡೆ ಮೂಲೆಯಲ್ಲಿ ನೀಲಿ ಬಣ್ಣ ಹೋಗಿ ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತಿದೆ, ಕಡಲೆಬೇಳೆಯಷ್ಟು. ಬೆಳಕು ಬಿದ್ದು ಹಾಗೆ ಕಂಡಿದ್ದರೆ ಹೇಳಿ. ಬಿದ್ದಿದ್ದರೆ ಯಾವಾಗ ಬಿತ್ತು, ಆಮೇಲೆ ಡಿಸ್‌ಪ್ಲೇ ಚೇಂಜ್ ಮಾಡಿಸಿದಿರಾ? ಗೀರು ಇದ್ದರೆ ನನ್ನದೇನೂ ತಕರಾರಿಲ್ಲ, ಹೇಗೂ ಕವರ್ ಹಾಕುತ್ತೇವೆ. ಡಿಸ್‌ಪ್ಲೇ ಬೇರೆ ಹಾಕಿಸಿದ್ದರೆ ಮಾತ್ರ ರೇಟಿನ ಲೆಕ್ಕ ಬದಲಾಗುತ್ತದೆ. ಎಲ್ಲ ಫೋಟೋದಲ್ಲೂ ಟೆಂಪರ್ಡ್ ಗ್ಲಾಸ್ ಇದೆ. ಸಾಧ್ಯವಾದರೆ ಅದನ್ನು ತೆಗೆದು, ಬಿಳಿ ಸ್ಕ್ರೀನ್ ಇಟ್ಟು ಒಂದು ಫೋಟೋ ಕಳಿಸಿ. ಟ್ರೂ ಟೋನ್ ಬಟನ್ ಬರುತ್ತಿದೆಯಾ, ಫೇಸ್ ಐಡಿ ಕೆಲಸ ಮಾಡುತ್ತಿದೆಯಾ ಅದನ್ನೂ ಹೇಳಿ.

ಬ್ಯಾಟರಿ ಹೆಲ್ತ್ 100% ಅಂತ ಸ್ಕ್ರೀನ್‌ಶಾಟ್ ಇದೆ. ಬಿಲ್ಲಿನಲ್ಲಿರುವ ತಾರೀಖು ಅಕ್ಟೋಬರ್ 2022ರದು. ಇಷ್ಟು ವರ್ಷ ದಿನಾ ಬಳಸಿದ ಫೋನು ನೂರಕ್ಕೆ ನೂರು ಉಳಿಯುವುದಿಲ್ಲ ಸರ್. ಈ ಮಾಡೆಲ್‌ಗೆ 500 ಸಲ ಪೂರ್ತಿ ಚಾರ್ಜ್ ಆಗುವ ಹೊತ್ತಿಗೆ 80% ಉಳಿಯುವ ಹಾಗೆ ಮಾಡಿರುವುದು ಅಂತ ಕಂಪನಿಯವರೇ ಹೇಳುತ್ತಾರೆ. ಹಾಗಾದರೆ ಬ್ಯಾಟರಿ ಬದಲಾಗಿದೆ, ಹೌದಾ? ಬದಲಾಯಿಸಿದ್ದರೆ ಒಳ್ಳೆಯದೇ, ಆದರೆ ಸರ್ವಿಸ್ ಸೆಂಟರ್‌ನಲ್ಲಾ, ಹೊರಗಡೆ ಅಂಗಡಿಯಲ್ಲಾ? Settings > General > About ತೆರೆದರೆ, ಏನಾದರೂ ಬದಲಾಗಿದ್ದರೆ Parts and Service History ಅಂತ ಒಂದು ಭಾಗ ಕಾಣುತ್ತದೆ. ಆ ಪುಟವನ್ನು ಮೇಲಿಂದ ಕೆಳಗಿನವರೆಗೆ ಒಂದು ಚಿಕ್ಕ ವಿಡಿಯೋ ಮಾಡಿ ಕಳಿಸಿ. ಅಲ್ಲಿ Unknown Part ಅಂತ ಬಂದರೂ ಮುಚ್ಚಿಡಬೇಡಿ. ಮೊದಲೇ ಗೊತ್ತಾದರೆ ಮಾತಾಡಿ ಒಂದು ರೇಟಿಗೆ ಬರಬಹುದು. ಮೈಸೂರಿಗೆ ಬಂದ ಮೇಲೆ ಗೊತ್ತಾದರೆ ಇಬ್ಬರಿಗೂ ದಿನ ಹಾಳು.

ನೀರಿಗೆ ಬಿದ್ದಿತ್ತಾ? ಸಿಮ್ ಟ್ರೇ ಹೊರಗೆ ತೆಗೆದು ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, ಒಳಗಿನ ಗುರುತು ಕೆಂಪಗಾಗಿದ್ದರೆ ನೀರು ಹೋಗಿದೆ ಅಂತ ಅರ್ಥ. ಮೈಕ್, ಸ್ಪೀಕರ್, ಹಿಂದಿನ ಎರಡು ಕ್ಯಾಮೆರಾ ಇವನ್ನೆಲ್ಲ ಬಂದಾಗ ನಾನೇ ನೋಡಿಕೊಳ್ಳುತ್ತೇನೆ. ಬಿಸಿಯಾಗುವುದು, ನೆಟ್‌ವರ್ಕ್ ಹೋಗಿ ಬರುವುದು, ತಾನಾಗಿಯೇ ಆಫ್ ಆಗುವುದು ಹತ್ತು ನಿಮಿಷದಲ್ಲಿ ಗೊತ್ತಾಗಲ್ಲ. ಅದನ್ನು ಇಷ್ಟು ದಿನ ಬಳಸಿದ ನೀವೇ ಹೇಳಬೇಕು.

ರೇಟು 26,500 ಅಂತ ಇದೆ, ಸ್ವಲ್ಪ ಕಡಿಮೆ ಆಗುತ್ತದೆ ಅಂತಲೂ ಇದೆ. ಡಿಸ್‌ಪ್ಲೇ ಒರಿಜಿನಲ್, ಬಿಲ್ಲು ಬಾಕ್ಸ್ ತಾಳೆ ಆದರೆ 24,000 ಕೊಡುತ್ತೇನೆ. ಸುಮ್ನೆ ಚೌಕಾಸಿ ಮಾಡಲು ಹೇಳಿದ್ದಲ್ಲ, ನನ್ನ ಹತ್ತಿರ ಇರುವುದು 25,000, ಅದರಲ್ಲಿ ಕವರು, ಚಾರ್ಜರ್ ಎರಡೂ ಆಗಬೇಕು. ಚಾರ್ಜಿಂಗ್ ಅಡಾಪ್ಟರ್ ನೀವು ಕೊಡುವುದಾದರೆ ಇನ್ನೊಂದು 500 ಸೇರಿಸುತ್ತೇನೆ.

ಅಡ್ವಾನ್ಸ್ ಹಾಕಿ, ಕೊರಿಯರ್ ಮಾಡ್ತೀನಿ ಅಂದರೆ ಆಗುವುದಿಲ್ಲ. ಭಾನುವಾರ ಬೆಳಗ್ಗೆ ಟ್ರೈನಿಗೆ ಬರುತ್ತೇನೆ, ತಂಗಿಯೂ ಜೊತೆಗಿರುತ್ತಾಳೆ. ನಿಮ್ಮ ಮನೆ ಹತ್ತಿರದ ಯಾವುದಾದರೂ ಹೋಟೆಲಿನಲ್ಲಿ ಕೂತು ನೋಡೋಣ, ಕಾಫಿ ನನ್ನದು. ನನ್ನ ಸಿಮ್ ಹಾಕಿ ಒಂದು ಕರೆ ಮಾಡಿ ನೋಡುತ್ತೇನೆ. ಎಲ್ಲ ಒಪ್ಪಿಗೆಯಾದರೆ ನೀವು ನನ್ನ ಎದುರಿಗೇ ಐಕ್ಲೌಡ್‌ನಿಂದ ಸೈನ್ ಔಟ್ ಆಗಿ, ಫೋನ್ ಪೂರ್ತಿ ಅಳಿಸಬೇಕು. ಪಾಸ್‌ವರ್ಡ್ ಮರೆತಿದ್ದರೆ ಅಷ್ಟರೊಳಗೆ ನೆನಪು ಮಾಡಿಟ್ಟುಕೊಳ್ಳಿ, ಅದಿಲ್ಲದೆ ಲಾಕ್ ಹೋಗಲ್ಲ. ನಿಮ್ಮ ಫೋಟೋಗಳನ್ನೂ ಮೊದಲೇ ಬ್ಯಾಕಪ್ ತೆಗೆದಿಟ್ಟುಕೊಂಡಿರಿ. ಹಲೋ ಅನ್ನುವ ಸ್ಕ್ರೀನ್ ಬಂದು, ತಂಗಿಯ ಅಕೌಂಟ್ ಹಾಕಿದ ತಕ್ಷಣ ಅಲ್ಲೇ ಯುಪಿಐ ಮಾಡುತ್ತೇನೆ. ಒಂದು ಬಿಳಿ ಹಾಳೆಯ ಮೇಲೆ ಐಎಂಇಐ, ರೇಟು, ತಾರೀಖು ಬರೆದು ಇಬ್ಬರೂ ಸೈನ್ ಹಾಕೋಣ. ಬಿಲ್ಲು ಒರಿಜಿನಲ್ಲೇ ಕೊಡಬೇಕು, ಜೆರಾಕ್ಸ್ ಬೇಡ.

ಶನಿವಾರ ಸಂಜೆಯೊಳಗೆ ಬೆರಳಿಲ್ಲದ ಬಿಲ್ಲಿನ ಫೋಟೋ ಬಂದರೆ ಟ್ರೈನ್ ಹತ್ತುತ್ತೇನೆ. ಅಷ್ಟರಲ್ಲಿ ಬೇರೆಯವರಿಗೆ ಕೊಟ್ಟಿದ್ದರೆ ಒಂದು ಸಾಲು ತಿಳಿಸಿ ಸರ್, ತಂಗಿ ಆಗಲೇ ಕವರ್ ಬಣ್ಣ ನೋಡುತ್ತಾ ಕೂತಿದ್ದಾಳೆ.