ಅನುವಿನ ಏಳು ರಾತ್ರಿ

ಬಾ, ಹೊದ್ದುಕೋ. ಕಾಲು ಒಳಗೆ. ಹೂಂ, ಈಗ ಕೇಳು.

ಕೇರಳದ ಕಾಸರಗೋಡು ಕಡೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಧ್ಯೆ ಒಂದು ಹಂಚಿನ ಮನೆ. ಅಲ್ಲಿ ಅನು ಎಂಬ ಹುಡುಗಿ ಇದ್ದಳು. ಒಂದನೇ ಕ್ಲಾಸು. ಐದು ವರ್ಷ ಮುಗಿದು ಆರು ತುಂಬಲು ಇನ್ನು ಸ್ವಲ್ಪವೇ ಬಾಕಿ. ಆ ಸ್ವಲ್ಪ ಅಂದ್ರೆ ಎಷ್ಟು ಅನ್ನುವುದೇ ಅವಳ ತಲೆಬಿಸಿ.

"ಅಜ್ಜಿ, ನನ್ನ ಹುಟ್ಟಿದ ಹಬ್ಬ ಯಾವಾಗ?"

"ಏಳು ಸಲ ಮಲಗು, ಏಳು ಸಲ ಏಳು. ಅಷ್ಟೇ," ಅಂದಳು ಅಜ್ಜಿ.

ಚಾವಡಿಯ ಗೋಡೆಯಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ದಿನಸಿ ಅಂಗಡಿಯವರು ಕೊಟ್ಟದ್ದು, ಮಲಯಾಳದ್ದು. ಅಕ್ಷರ ಅನುವಿಗೆ ಬಾರದು. ಅಂಕಿ ಬರುತ್ತದೆ, ಅಂಕಿ ಎಲ್ಲದಕ್ಕೂ ಒಂದೇ ಅಲ್ವಾ? ಅದರ ತುಂಬಾ ಮನೆಯವರ ಗೀಚಾಟ. ಅಮ್ಮ ಹಾಲಿನ ಲೆಕ್ಕ ಬರೆದಿದ್ದಳು. ಅಪ್ಪ ಗ್ಯಾಸ್ ಬಂದ ದಿನಕ್ಕೆ ಸುತ್ತು ಹಾಕಿದ್ದ. ಅಜ್ಜ ತೋಟಕ್ಕೆ ಮೊದಲನೇ ಮದ್ದು ಬಿಟ್ಟ ದಿನವನ್ನು ಹಿಂದಿನ ಹಾಳೆಯಲ್ಲಿ ಗುರುತು ಮಾಡಿದ್ದ.

ಅನು ಸ್ಟೂಲು ಹತ್ತಿ ಬೆರಳಿಟ್ಟು ಎಣಿಸಿದಳು. 27, 28, 29, 30, 31. ಮುಗಿಯಿತು!

"ಅಜ್ಜಿ, ಎಂತ ಸುಳ್ಳು ಹೇಳುವುದು ನೀನು? ಇಲ್ಲಿ ಐದೇ ಮನೆ ಉಂಟು. ನನ್ನ ಹುಟ್ಟಿದ ಹಬ್ಬವೇ ಇಲ್ಲ!"

ಅಜ್ಜಿ ನಗುತ್ತಾ ಜುಲೈ ಹಾಳೆಯನ್ನು ಎತ್ತಿ ತೋರಿಸಿದಳು. ಕೆಳಗೆ ಆಗಸ್ಟ್ ಬೆಚ್ಚಗೆ ಕೂತಿತ್ತು. ಒಂದು, ಎರಡು, ಮೂರು. ಮೂರನೇ ಮನೆ ಅನುವಿನದ್ದು. ಖಾಲಿ ಮನೆ. ಏನೂ ಬರೆದಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ 27ಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿದಳು. ಅವತ್ತು ಜೋರು ಮಳೆ, ಕಲೆಕ್ಟರ್ ಶಾಲೆಗೆ ರಜೆ ಕೊಟ್ಟಿದ್ದರು. ಮಧ್ಯಾಹ್ನ ಊಟ ಮಾಡಿ ಅನು ಮಲಗಿದಳು. ಎದ್ದಳು. 28ಕ್ಕೂ ಗೀಟು! ಚಹಾದ ಹೊತ್ತಿಗೆ ಇನ್ನೊಂದು ಸಲ ಚಾಪೆ ಹಾಸಿಕೊಂಡು ಕಣ್ಣು ಮುಚ್ಚಿದಳು. ಈ ಸಲ ನಿದ್ದೆ ಬರಲೇ ಇಲ್ಲ. ಸುಮ್ನೆ ಗೊರಕೆ ಹೊಡೆದಳು.

"ಹಗಲು ನಿದ್ದೆ ಲೆಕ್ಕಕ್ಕಿಲ್ಲ ಮಾರಾಯ್ತಿ," ಅಂದಳು ಅಜ್ಜಿ. "ತಾರೀಕು ಬದಲಾಗುವುದು ನಡುರಾತ್ರಿ. ಆಗ ನಿದ್ದೆ ಮಾಡಿದರೆ ಮಾತ್ರ ಒಂದು."

28ರ ಗೀಟನ್ನು ರಬ್ಬರಿನಿಂದ ಒರೆಸಬೇಕಾಯಿತು. ಕ್ಯಾಲೆಂಡರ್ ಸ್ವಲ್ಪ ಹರಿಯಿತು ಕೂಡ.

ಆಮೇಲೆ ಅವಳು ಮೋಸ ಮಾಡಲಿಲ್ಲ. ಒಂದು ರಾತ್ರಿ, ಒಂದು ಗೀಟು. ಒಂದು ದಿನ ಪತ್ರೊಡೆ ತಿಂದಳು, ಒಂದು ದಿನ ಹಲಸಿನ ಹಪ್ಪಳ. 31ರ ರಾತ್ರಿಯೂ ಕಳೆಯಿತು. ಬೆಳಿಗ್ಗೆ ಹಾಳೆ ಮಗುಚಿ ನೋಡುತ್ತಾಳೆ, ಅವಳ ಮೂರನೇ ಮನೆಯಲ್ಲಿ ಯಾರೋ ಬರೆದಿದ್ದಾರೆ! ದಪ್ಪ ಅಕ್ಷರ. ಕನ್ನಡವೇ.

"ಎರಡನೇ ಮದ್ದು."

ಮದ್ದು ಬಿಡುವ ದಿನ ಹೇಗಿರುತ್ತದೆ ಅಂತ ಅನುವಿಗೆ ಗೊತ್ತು. ಅಜ್ಜ, ಅಪ್ಪ ಇಬ್ಬರೂ ತೋಟದಲ್ಲೇ. ಮೈಲುತುತ್ತು, ಸುಣ್ಣ ಕಲಸಿ ಕಲಸಿ ಕೈಯೆಲ್ಲಾ ನೀಲಿ. ಅಮ್ಮನಿಗೆ ಆಳುಗಳಿಗೆ ಚಹಾ ತಿಂಡಿ ಮಾಡಿಯೇ ಸಾಕಾಗುತ್ತದೆ. ಪಾಯಸ ಯಾರು ಮಾಡುವುದು?

"ಅಜ್ಜಾ! ಅದು ನನ್ನ ಮನೆ!"

ಅಜ್ಜ ಕನ್ನಡಕ ಏರಿಸಿ ನೋಡಿದ. "ಅಯ್ಯೋ, ಹೌದಲ್ವಾ! ಆದ್ರೆ ಮದ್ದು ಬಿಡದಿದ್ದರೆ ಅಡಿಕೆಗೆ ಕೊಳೆರೋಗ ಬರ್ತದೆ ಮಗಾ. ಒಂದು ಕೆಲಸ ಮಾಡುವ. ಮಳೆಯಲ್ಲಿ ಮದ್ದು ಬಿಡ್ಲಿಕ್ಕಾಗುವುದಿಲ್ಲ. ಅವತ್ತು ಬಿಸಿಲು ಬಂದರೆ ದಿನ ಅಡಿಕೆಯದ್ದು. ಮಳೆ ಬಂದರೆ ನಿನ್ನದು."

ಆ ಎರಡು ರಾತ್ರಿ ಅನು ಮಲಗುವ ಮೊದಲು ಕಿಟಕಿಗೆ ಕಿವಿ ಕೊಟ್ಟಳು. ಮೊದಲ ರಾತ್ರಿ ಬರೀ ಕಪ್ಪೆಗಳ ವಟವಟ. ಮಳೆ ಇಲ್ಲ. ಎರಡನೇ ರಾತ್ರಿಯೂ ಇಲ್ಲ. ಅಜ್ಜ ಬೇರೆ, "ನಾಳೆ ಬಿಸಿಲು ಬರುವ ಹಾಗೆ ಕಾಣ್ತದೆ" ಅಂದುಬಿಟ್ಟ. ಅನು ಮುಖದ ತನಕ ಹೊದಿಕೆ ಎಳೆದುಕೊಂಡಳು. ನಿದ್ದೆ ಮಾತ್ರ ಮಾಡಿದಳು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಅಲ್ವಾ?

ಬೆಳಿಗ್ಗೆ ಏನಾಯ್ತು ಹೇಳು?

ಧೋ ಅಂತ ಮಳೆ! ಅಂಗಳವೆಲ್ಲಾ ನೀರು. ಮದ್ದು ಬಿಡುವವರು ಫೋನು ಮಾಡಿ ಇವತ್ತು ಆಗುವುದಿಲ್ಲ ಅಂದರು. ಅಜ್ಜ ಇಡೀ ದಿನ ಚಾವಡಿಯಲ್ಲೇ ಕೂತ. ಅಮ್ಮ ಹೆಸರುಬೇಳೆ ಪಾಯಸ ಮಾಡಿದಳು. ಅನು ಒಂದು ಲೋಟ ಕುಡಿದಳು, ಅಜ್ಜ ಎರಡು.

ಸಂಜೆ ಮಳೆ ಬಿಟ್ಟಿತು. ಅನುವಿಗೆ ಅಡಿಕೆಯ ನೆನಪಾಯಿತು. ಪಾಪ, ಅದರ ದಿನವನ್ನು ಇವಳು ತೆಗೆದುಕೊಂಡಿದ್ದಳಲ್ಲ. ಸ್ಟೂಲು ಎಳೆದು ಹತ್ತಿ, ನಾಲ್ಕನೇ ಮನೆಯಲ್ಲಿ ನಾಲಗೆ ಕಚ್ಚಿಕೊಂಡು ಬರೆದಳು. ಒತ್ತಕ್ಷರ ಇನ್ನೂ ಸರಿಯಾಗಿ ಬಾರದು ನೋಡು.

"ಮದು."

ಅಜ್ಜ ಹತ್ತಿರ ಬಂದು ಓದಿದ. "ಆಯ್ತು," ಅಂದ. "ನಾಳೆ ಮದು ಬಿಡುವ."