ಸ್ಟೇಷನರಿ ಅಂಗಡಿ: ಸಾಲಕ್ಕಾಗಿ ಕಾರ್ಯಸಾಧ್ಯತಾ ವಿವರ

ನಮಸ್ಕಾರ ಮೇಡಂ. ಶಾಲೆ ಎದುರಿನ ಮಳಿಗೆಯಲ್ಲಿ ಸ್ಟೇಷನರಿ ಅಂಗಡಿ ತೆರೆಯಲು ಒಟ್ಟು 5,00,000 ರೂ. ಬೇಕು: ರ‍್ಯಾಕು, ಕೌಂಟರ್‌ಗೆ 90,000, ಮುಂಗಡ 60,000, ಮೊದಲ ಸರಕು 2,70,000, ದುಡಿಯುವ ಬಂಡವಾಳ 80,000. ನನ್ನ ಕೈಯಿಂದ 1,50,000 ಹಾಕುತ್ತೇನೆ. ಕೇಳುತ್ತಿರುವ ಸಾಲ 3,50,000.

ತಿಂಗಳ ವ್ಯಾಪಾರ 1,80,000 ಎಂದು ಹಿಡಿದಿದ್ದೇನೆ. ನೋಟ್‌ಬುಕ್‌ನಲ್ಲಿ ಲಾಭ ಕಡಿಮೆ, ಜೆರಾಕ್ಸ್‌ನಲ್ಲಿ ಜಾಸ್ತಿ. ಸರಾಸರಿ ಶೇ 20ರಂತೆ 36,000. ಬಾಡಿಗೆ, ಕರೆಂಟು, ಸಾಗಣೆಗೆ 11,000, ಮನೆಖರ್ಚಿಗೆ 12,000 ಕಳೆದರೆ ಉಳಿಯುವುದು 13,000.

ಶೇ 11 ಬಡ್ಡಿಗೆ 60 ಕಂತಾದರೆ ತಿಂಗಳಿಗೆ ಸುಮಾರು 7,610. ವ್ಯಾಪಾರ 1,60,000ಕ್ಕೆ ಇಳಿದರೂ ಕೈಯಲ್ಲಿ 9,000 ಇರುತ್ತದೆ, ಕಂತು ತಪ್ಪುವುದಿಲ್ಲ. ನಿಜವಾದ ಚಿಂತೆ ಬೇಸಿಗೆ ರಜೆಯದು. ಅದಕ್ಕೆಂದೇ ಜೂನ್ ಸೀಸನ್ನಿನ ಲಾಭದಲ್ಲಿ ಎರಡು ಕಂತಿನ ಹಣವನ್ನು ಇದೇ ಶಾಖೆಯ ಆರ್‌ಡಿಯಲ್ಲಿ ಇಡುತ್ತೇನೆ. ಮೊದಲ ಮೂರು ತಿಂಗಳು ಬಡ್ಡಿ ಮಾತ್ರ ಕಟ್ಟಲು ಅವಕಾಶ ಕೊಡಿ. ಕೊಟೇಶನ್, ಬಾಡಿಗೆ ಕರಾರು ಲಗತ್ತಿಸಿದ್ದೇನೆ.