ಶಾಖಾ ಕಚೇರಿಯ ಉದ್ಘಾಟನಾ ಸಮಾರಂಭ: ಪ್ರಾಸ್ತಾವಿಕ ನುಡಿ

ಇಂದಿನ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಪತ್ತಿನ ಸಹಕಾರ ಸಂಘದ ಮಾನ್ಯ ಅಧ್ಯಕ್ಷರೇ, ಶಾಖೆಯನ್ನು ಉದ್ಘಾಟಿಸಲು ಬಂದಿರುವ ನಮ್ಮ ಸಂಘದ ಹಿರಿಯ ಸಂಸ್ಥಾಪಕ ಸದಸ್ಯರೇ, ಭದ್ರತಾ ಕೊಠಡಿಯನ್ನು ಉದ್ಘಾಟಿಸಲಿರುವ ನಿವೃತ್ತ ಲೆಕ್ಕಪರಿಶೋಧಕರೇ, ಮೊದಲ ಪಾಸ್‌ಬುಕ್ ವಿತರಿಸಲಿರುವ ಸ್ವಸಹಾಯ ಗುಂಪುಗಳ ಒಕ್ಕೂಟದ ಅಧ್ಯಕ್ಷೆಯವರೇ, ಕಟ್ಟಡದ ಮಾಲೀಕರೇ, ಆಡಳಿತ ಮಂಡಳಿಯ ನಿರ್ದೇಶಕ ಮಿತ್ರರೇ, ಸಿಬ್ಬಂದಿ ವರ್ಗದವರೇ, ಎಲ್ಲಕ್ಕಿಂತ ಮಿಗಿಲಾಗಿ ಈ ಸಂಘದ ಒಡೆಯರಾದ ಸದಸ್ಯ ಬಂಧುಗಳೇ, ತಮಗೆಲ್ಲರಿಗೂ ನಮಸ್ಕಾರಗಳು.

ಸ್ವಾಗತ ಕೋರಿದ ನಮ್ಮ ಸಹೋದ್ಯೋಗಿ ಗಣ್ಯರೆಲ್ಲರ ಹೆಸರು ಹೇಳಿ ಗೌರವ ಸಲ್ಲಿಸಿದ್ದಾರೆ. ಶಾಖಾ ಉಪಸಮಿತಿಯ ಸಂಚಾಲಕನಾಗಿ ಈ ಶಾಖೆ ಏಕೆ ಬೇಕಾಯಿತು, ಇಲ್ಲಿ ಏನು ನಡೆಯಲಿದೆ, ಇಂದಿನ ಅತಿಥಿಗಳನ್ನೇ ನಾವು ಏಕೆ ಕರೆದೆವು ಎಂಬುದನ್ನು ತಮ್ಮ ಮುಂದೆ ಇಡುವುದು ನನ್ನ ಪಾಲಿಗೆ ಬಂದಿರುವ ಕೆಲಸ.

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಈ ಭಾಗದ ಸದಸ್ಯರೊಬ್ಬರು ಎದ್ದು ನಿಂತು, ಸಂಘ ನಮ್ಮದೇ ಎಂದು ನೀವು ಪ್ರತಿ ವರ್ಷ ಹೇಳುತ್ತೀರಿ, ಆದರೆ ನಮ್ಮ ಸಾಲದ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ತಿಳಿಯಲು ನಾವು ಒಂದು ದಿನದ ಕೂಲಿ ಬಿಟ್ಟು ಬರಬೇಕು ಎಂದರು. ಸಭೆಯಲ್ಲಿದ್ದ ಯಾರಿಗೂ ಆ ಮಾತನ್ನು ಅಲ್ಲಗಳೆಯಲು ಸಾಧ್ಯವಾಗಲಿಲ್ಲ. ಪ್ರಧಾನ ಕಚೇರಿಗೆ ಹೋಗಿ ಬರುವ ದಾರಿಯ ಖರ್ಚು, ಅಲ್ಲಿ ಒಂದು ದಾಖಲೆ ಕಡಿಮೆ ಬಿದ್ದರೆ ಮತ್ತೊಮ್ಮೆ ಹೋಗಬೇಕಾದ ಅನಿವಾರ್ಯ, ವಯಸ್ಸಾದವರಿಗೆ ಮತ್ತು ಮನೆಯಲ್ಲಿ ಚಿಕ್ಕ ಮಕ್ಕಳಿರುವ ಹೆಣ್ಣುಮಕ್ಕಳಿಗೆ ಅಲ್ಲಿಯವರೆಗೆ ಬರುವುದೇ ಆಗದ ಸ್ಥಿತಿ, ಇವೆಲ್ಲವೂ ಯಾವ ಲೆಕ್ಕಪತ್ರದಲ್ಲಿಯೂ ಕಾಣಿಸುವುದಿಲ್ಲ. ಸಣ್ಣ ಮೊತ್ತದ ಸಾಲ ಪಡೆಯುವವರಿಗೆ ಬಡ್ಡಿಗಿಂತ ಈ ಕಾಣದ ಖರ್ಚೇ ಎಷ್ಟೋ ಸಲ ಭಾರವಾಗುತ್ತದೆ. ಮಹಾಸಭೆಯ ಆ ಚರ್ಚೆಯೇ ಮುಂದೆ ನಿರ್ಣಯವಾಗಿ, ಆಡಳಿತ ಮಂಡಳಿಯ ಯೋಜನೆಯಾಗಿ, ಅಗತ್ಯ ಅನುಮತಿಗಳೆಲ್ಲ ದೊರೆತು ಇಂದು ಈ ಬಾಗಿಲವರೆಗೆ ಬಂದಿದೆ.

ಶಾಖೆ ಎಂದಾಕ್ಷಣ ಹಣ ಕಟ್ಟುವ, ಹಣ ಪಡೆಯುವ ಒಂದು ಕೌಂಟರ್ ಮಾತ್ರ ಕಣ್ಣ ಮುಂದೆ ಬರುವುದು ಸಹಜ. ಅಷ್ಟೇ ಸಾಕಾಗಿದ್ದರೆ ಹಣ ಸಂಗ್ರಹಿಸಲು ಒಬ್ಬ ಪ್ರತಿನಿಧಿಯನ್ನು ನೇಮಿಸಿ ಸುಮ್ಮನಾಗಬಹುದಿತ್ತು. ನಮ್ಮ ಉಪಸಮಿತಿ ಮೊದಲ ಸಭೆಯಿಂದಲೂ ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ: ಕಚೇರಿ ಹತ್ತಿರ ಬಂದರೆ ಸಾಲದು, ತೀರ್ಮಾನವೂ ಹತ್ತಿರ ಬರಬೇಕು. ಅರ್ಜಿಯನ್ನು ಇಲ್ಲಿ ಪಡೆದು, ಪ್ರಧಾನ ಕಚೇರಿಗೆ ಕಳಿಸಿ, ಉತ್ತರಕ್ಕಾಗಿ ಸದಸ್ಯರನ್ನು ಇಲ್ಲಿಯೇ ಕಾಯಿಸುವುದಾದರೆ ಅಲೆದಾಟದ ಜಾಗ ಬದಲಾಗುತ್ತದೆಯೇ ಹೊರತು ಅಲೆದಾಟ ತಪ್ಪುವುದಿಲ್ಲ. ಆದ್ದರಿಂದ ಆಡಳಿತ ಮಂಡಳಿ ನಿಗದಿಪಡಿಸಿದ ಮಿತಿಯೊಳಗಿನ ಸಾಲಗಳನ್ನು ಪರಿಶೀಲಿಸಿ ಮಂಜೂರು ಮಾಡುವ ಅಧಿಕಾರವನ್ನು ಈ ಶಾಖೆಯ ವ್ಯವಸ್ಥಾಪಕರಿಗೂ, ಈ ಭಾಗದ ಸದಸ್ಯರೇ ಇರುವ ಸ್ಥಳೀಯ ಸಲಹಾ ಸಮಿತಿಗೂ ಸೇರಿಸಿ ಕೊಡಲಾಗಿದೆ. ಮಿತಿ ಮೀರಿದ ಅರ್ಜಿಗಳು ಮಾತ್ರ ಪ್ರಧಾನ ಕಚೇರಿಯ ಸಾಲ ಉಪಸಮಿತಿಗೆ ಹೋಗುತ್ತವೆ, ಅವು ಕೂಡ ಸ್ಥಳೀಯ ಸಮಿತಿಯ ಷರಾದೊಂದಿಗೇ ಹೋಗುತ್ತವೆ.

ಈ ಆಲೋಚನೆ ನಮ್ಮದೇ ಹೊಸ ಶೋಧವಲ್ಲ, ಪತ್ತಿನ ಸಹಕಾರ ಚಳವಳಿ ಹುಟ್ಟಿದ್ದೇ ಇದರ ಮೇಲೆ. ಜರ್ಮನಿಯ ಹಳ್ಳಿಗಾಡಿನಲ್ಲಿ ಮೇಯರ್ ಆಗಿದ್ದ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಅವರು ಮೊದಲು ಉಳ್ಳವರ ನೆರವಿನಿಂದ ಬಡ ರೈತರಿಗೆ ಸಹಾಯ ಮಾಡುವ ಸಂಘಗಳನ್ನು ಕಟ್ಟಿದರು. ದಾನದ ಮೇಲೆ ನಿಂತ ವ್ಯವಸ್ಥೆ ಬಹಳ ದಿನ ಬಾಳುವುದಿಲ್ಲವೆಂದು ಮನಗಂಡು, 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲ ಪಡೆಯುವವರೇ ಸದಸ್ಯರಾಗಿರುವ ಸಂಘವನ್ನು ಸ್ಥಾಪಿಸಿದರು. ಸಂಘದ ಕಾರ್ಯವ್ಯಾಪ್ತಿ ಸಣ್ಣದಾಗಿರಬೇಕು ಎಂಬುದು ಅವರ ಗಟ್ಟಿ ನಿಲುವಾಗಿತ್ತು. ಅದಕ್ಕೆ ಕಾರಣ ಬಹಳ ಸರಳ. ಒತ್ತೆ ಇಡಲು ಏನೂ ಇಲ್ಲದವನ ಬಳಿ ಇರುವ ದೊಡ್ಡ ಆಸ್ತಿಯೆಂದರೆ ಅವನ ನಡತೆ, ಆ ನಡತೆಯನ್ನು ಬಲ್ಲವರು ಅವನ ನೆರೆಹೊರೆಯವರು ಮಾತ್ರ. ಕಾಗದಪತ್ರ ನೋಡಿ ದೂರದ ಅಧಿಕಾರಿ ಬೇಡ ಎನ್ನುವ ಸಾಲವನ್ನು, ಆ ವ್ಯಕ್ತಿ ದುಡಿಯುವ ರೀತಿಯನ್ನು ಕಣ್ಣಾರೆ ಕಂಡವರು ಧೈರ್ಯವಾಗಿ ಶಿಫಾರಸು ಮಾಡಬಲ್ಲರು. ಅಂತೆಯೇ, ಕಾಗದದ ಮೇಲೆ ಎಲ್ಲವೂ ಸರಿಯಿದ್ದರೂ ಕೊಡಬಾರದ ಸಾಲ ಯಾವುದೆಂದು ಮೊದಲು ಗೊತ್ತಾಗುವುದೂ ಅವರಿಗೇ. ಸಂಘ ಬೆಳೆದಂತೆ ಈ ಪರಿಚಯದ ಬಲ ತೆಳುವಾಗುತ್ತದೆ. ಅದನ್ನು ಮರಳಿ ಪಡೆಯುವ ದಾರಿ ನಮಗೆ ಕಂಡದ್ದು ಈ ಶಾಖೆಯಲ್ಲಿ.

ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 1844ರ ಡಿಸೆಂಬರ್ 21ರಂದು ಸಹಕಾರಿಗಳು ತೆರೆದ ಅಂಗಡಿಯನ್ನು ಆಧುನಿಕ ಸಹಕಾರ ಚಳವಳಿಯ ಆರಂಭವೆಂದು ಇಂದಿಗೂ ನೆನೆಯುತ್ತಾರೆ. ಅಲ್ಲಿದ್ದದ್ದು ಬೆರಳೆಣಿಕೆಯ ಸರಕು. ಆದರೆ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ಅವರ ನಿಯಮವೇ ನಮ್ಮ ಉಪವಿಧಿಯಲ್ಲಿಯೂ ಇದೆ. ಶಾಖೆಯ ಸದಸ್ಯರು ಎರಡನೆಯ ಸಾಲಿನ ಸದಸ್ಯರಲ್ಲ. ಇಲ್ಲಿ ಷೇರು ಪಡೆದವರಿಗೆ ಮಹಾಸಭೆಯ ನೋಟಿಸು, ವಾರ್ಷಿಕ ವರದಿ, ಮತದಾನದ ಹಕ್ಕು, ಚುನಾವಣೆಗೆ ನಿಲ್ಲುವ ಹಕ್ಕು, ಎಲ್ಲವೂ ಪ್ರಧಾನ ಕಚೇರಿಯ ಸದಸ್ಯರಿಗೆ ಇರುವಂತೆಯೇ ಇರುತ್ತದೆ.

ಇನ್ನು ಒಳಗೆ ಏನಿದೆ ಎಂಬುದನ್ನು ತಾವೇ ನೋಡಲಿದ್ದೀರಿ. ಎರಡು ಮೂರು ಸಂಗತಿಗಳನ್ನು ಮಾತ್ರ ಗಮನಕ್ಕೆ ತರುತ್ತೇನೆ. ನಗದು ಕೌಂಟರ್‌ಗಳಲ್ಲಿ ಒಂದನ್ನು, ಗಾಲಿಕುರ್ಚಿಯಲ್ಲಿ ಬರುವವರು ಮತ್ತು ನಿಲ್ಲಲಾಗದ ಹಿರಿಯರು ಕುಳಿತೇ ವ್ಯವಹರಿಸುವಂತೆ ತಗ್ಗಿನಲ್ಲಿ ಕಟ್ಟಿಸಿದ್ದೇವೆ. ಬಾಗಿಲ ಪಕ್ಕದ ಮೇಜಿನಲ್ಲಿ ಅರ್ಜಿ ತುಂಬಲು ನೆರವಾಗುವ ಸಿಬ್ಬಂದಿಯೊಬ್ಬರು ವ್ಯವಹಾರದ ವೇಳೆಯುದ್ದಕ್ಕೂ ಇರುತ್ತಾರೆ. ಓದಲು ಬಾರದವರಿಗೆ ನಮೂನೆಯಲ್ಲಿರುವುದನ್ನು ಓದಿ ಹೇಳಿ, ಅವರಿಗೆ ಅರ್ಥವಾದ ಮೇಲೆಯೇ ಹೆಬ್ಬೆಟ್ಟಿನ ಗುರುತು ಪಡೆಯಬೇಕೆಂದು ಸ್ಪಷ್ಟ ಸೂಚನೆ ನೀಡಲಾಗಿದೆ. ಖಾತೆ ತೆರೆಯುವಾಗ ನಾಮನಿರ್ದೇಶನದ ಕಲಮನ್ನು ಖಾಲಿ ಬಿಡದಂತೆ ನೋಡಿಕೊಳ್ಳುವುದೂ ಆ ಮೇಜಿನ ಕೆಲಸ, ಏಕೆಂದರೆ ಖಾತೆದಾರರು ತೀರಿಕೊಂಡ ಮೇಲೆ ಅವರ ಮನೆಯವರು ಪಡುವ ಪಾಡಿಗೆ ಹೆಚ್ಚಿನ ಸಲ ಆ ಒಂದು ಖಾಲಿ ಕಲಮೇ ಕಾರಣವಾಗಿರುತ್ತದೆ. ಪ್ರತಿ ಸಾಲದ ಅರ್ಜಿಗೂ ದಿನಾಂಕ ಹಾಕಿದ ಸ್ವೀಕೃತಿ ಚೀಟಿ ಕೊಡಲಾಗುತ್ತದೆ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ತಿಳಿಸಲಾಗುತ್ತದೆ. ಇದು ಉಪಕಾರವಲ್ಲ, ಸದಸ್ಯರಿಗೆ ಸಲ್ಲಬೇಕಾದದ್ದು.

ಶಾಖೆಯಿಂದ ಖರ್ಚು ಹೆಚ್ಚುತ್ತದೆ ಎಂಬುದನ್ನೂ ಈ ಶುಭ ಸಂದರ್ಭದಲ್ಲಿ ಮುಚ್ಚಿಡಬಾರದು. ಬಾಡಿಗೆ, ಸಂಬಳ, ವಿದ್ಯುತ್, ಗಣಕಯಂತ್ರಗಳ ನಿರ್ವಹಣೆ, ಕಾವಲು, ವಿಮೆ, ಇವೆಲ್ಲ ಮೊದಲ ತಿಂಗಳಿನಿಂದಲೇ ಆರಂಭವಾಗುತ್ತವೆ, ಆದಾಯವಾದರೋ ನಿಧಾನವಾಗಿ ಕೂಡಿಬರುತ್ತದೆ. ಠೇವಣಿಗೆ ಕೊಡುವ ಬಡ್ಡಿಗೂ ಸಾಲದ ಮೇಲೆ ಬರುವ ಬಡ್ಡಿಗೂ ನಡುವಿನ ಅಂತರದಲ್ಲಿಯೇ ಈ ಖರ್ಚೆಲ್ಲ ತೂಗಬೇಕು. ಹಾಗೆಂದು ಗುರಿ ಮುಟ್ಟುವ ಆತುರದಲ್ಲಿ ವಿಚಾರಿಸದೆ ಸಾಲ ಹಂಚಿದರೆ ಆ ಅಂತರವೂ ಉಳಿಯುವುದಿಲ್ಲ, ಅಸಲೂ ಉಳಿಯುವುದಿಲ್ಲ. ಇಲ್ಲಿ ಒಬ್ಬರು ಪಡೆಯುವ ಸಾಲ ಇನ್ನೊಬ್ಬರು ಇಟ್ಟ ಠೇವಣಿ. ಮಗಳ ಓದಿಗೆಂದು ಕೂಡಿಟ್ಟ ಹಣವೇ ಇನ್ನೊಬ್ಬರ ಹೊಲಿಗೆ ಯಂತ್ರವಾಗಿ, ದನದ ಕೊಟ್ಟಿಗೆಯಾಗಿ ನಿಲ್ಲುತ್ತದೆ. ಕಂತು ಸುಸ್ತಿಯಾದಾಗ ನಮ್ಮ ಸಿಬ್ಬಂದಿ ಮನೆ ಬಾಗಿಲಿಗೆ ಬಂದು ಕೇಳಿದರೆ, ಅವರು ಕೇಳುತ್ತಿರುವುದು ಠೇವಣಿದಾರರ ಪರವಾಗಿ ಎಂದು ಸದಸ್ಯರು ತಿಳಿಯಬೇಕು. ಹಾಗೆಯೇ ನಿಜವಾದ ಕಷ್ಟದಲ್ಲಿರುವವರು ತಲೆಮರೆಸಿಕೊಳ್ಳದೆ ಮೊದಲೇ ಬಂದು ಹೇಳಿದರೆ, ಕಂತನ್ನು ಮರುಹೊಂದಿಸುವ ದಾರಿ ಹುಡುಕುವುದು ಶಾಖೆಯ ಹೊಣೆ. ಬಾಗಿಲು ಹತ್ತಿರವಿರುವುದರ ಪ್ರಯೋಜನ ಇಬ್ಬರಿಗೂ ಆಗುವುದು ಇಲ್ಲಿಯೇ.

ಅತಿಥಿಗಳ ಬಗ್ಗೆ ಹೇಳಬೇಕಾದದ್ದು ಇನ್ನೂ ಇದೆ. ಇಂದು ಶಾಖೆಯನ್ನು ಉದ್ಘಾಟಿಸಲಿರುವ ಹಿರಿಯರು, ಸಂಘ ನೋಂದಣಿಯಾಗುವ ಮೊದಲು ಷೇರು ಹಣ ಸಂಗ್ರಹಿಸಲು ರಸೀದಿ ಪುಸ್ತಕ ಹಿಡಿದು ಈ ಭಾಗದ ಮನೆಮನೆಗೆ ಬಂದವರು. ಕೊಟ್ಟ ಹಣ ವಾಪಸು ಬರುವುದೆಂಬ ಖಾತರಿ ಏನು ಎಂದು ಕೇಳಿದವರಿಗೆ ಆಗ ತೋರಿಸಲು ಅವರ ಬಳಿ ಕಟ್ಟಡವಿರಲಿಲ್ಲ, ಠೇವಣಿಯ ಅಂಕಿ ಇರಲಿಲ್ಲ, ತಮ್ಮ ಮಾತೊಂದೇ ಇತ್ತು. ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬ ಚರ್ಚೆ ಬಂದಾಗ ಆಡಳಿತ ಮಂಡಳಿಯಲ್ಲಿ ಬೇರೆ ಹೆಸರು ಬರಲೇ ಇಲ್ಲ.

ಭದ್ರತಾ ಕೊಠಡಿಯ ಉದ್ಘಾಟನೆಗೆ ಲೆಕ್ಕಪರಿಶೋಧಕರನ್ನು ಕರೆದಿರುವುದು ಉದ್ದೇಶಪೂರ್ವಕ. ಆ ಕೊಠಡಿಯ ಬಾಗಿಲಿಗೆ ಎರಡು ಕೀಲಿಗಳಿದ್ದು, ಅವು ಎಂದಿಗೂ ಒಬ್ಬರ ಕೈಯಲ್ಲಿ ಸೇರುವುದಿಲ್ಲ. ಇಬ್ಬರು ಅಧಿಕಾರಿಗಳು ಒಟ್ಟಿಗೆ ಬಂದರೆ ಮಾತ್ರ ತೆರೆಯುತ್ತದೆ. ವ್ಯಕ್ತಿಯ ಮೇಲೆ ನಂಬಿಕೆ ಇಡಿ, ಆದರೆ ಪರಿಶೀಲನೆ ಬಿಡಬೇಡಿ ಎಂದು ತಮ್ಮ ಸೇವಾವಧಿಯುದ್ದಕ್ಕೂ ನಮಗೆ ಕಲಿಸಿದವರು ಇವರು. ನಮ್ಮ ಲೆಕ್ಕಪತ್ರಗಳ ಮೇಲೆ ಇವರು ಬರೆದ ಕಟುವಾದ ಆಕ್ಷೇಪಣೆಗಳಿಂದ ಸಂಘಕ್ಕೆ ಆದ ಉಪಕಾರ ಸಣ್ಣದಲ್ಲ.

ಒಕ್ಕೂಟದ ಅಧ್ಯಕ್ಷೆಯವರು ಈ ಭಾಗದ ಸ್ವಸಹಾಯ ಗುಂಪುಗಳ ಉಳಿತಾಯವನ್ನು ಒಂದು ವಾರವೂ ತಪ್ಪದಂತೆ ನಡೆಸಿಕೊಂಡು ಬಂದಿದ್ದಾರೆ. ಮೊದಲ ಪಾಸ್‌ಬುಕ್ ಅವರ ಕೈಯಿಂದ ಸದಸ್ಯರ ಕೈಗೆ ಹೋಗುವುದು ನಮಗೆ ಹೆಮ್ಮೆಯ ವಿಷಯ. ಕಟ್ಟಡದ ಮಾಲೀಕರು ನಾವು ಕೇಳಿದ ಕೂಡಲೇ ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿ ಕಟ್ಟಿಸಿಕೊಟ್ಟರು, ಅವರಿಗೂ, ಹಗಲಿರುಳೆನ್ನದೆ ದುಡಿದ ಬಡಗಿಗಳಿಗೂ ವಿದ್ಯುತ್ ಕೆಲಸದವರಿಗೂ ಸಂಘದ ಪರವಾಗಿ ಕೃತಜ್ಞತೆಗಳು.

ಸದಸ್ಯರಲ್ಲಿ ನನ್ನದು ಒಂದು ವಿನಂತಿ. ಶಾಖೆಯಲ್ಲಿ ಕೊರತೆ ಕಂಡರೆ ಹೊರಗೆ ಮಾತನಾಡುವ ಮೊದಲು ಒಳಗೆ ಬಂದು ಹೇಳಿ. ಸಲಹಾ ಸಮಿತಿ ಪ್ರತಿ ತಿಂಗಳ ಮೊದಲ ಶನಿವಾರ ಇಲ್ಲಿಯೇ ಸೇರುತ್ತದೆ, ಅಂದು ಯಾವ ಸದಸ್ಯರು ಬೇಕಾದರೂ ಬಂದು ಮಾತನಾಡಬಹುದು. ವ್ಯವಸ್ಥಾಪಕರಿಗೂ ಸಿಬ್ಬಂದಿಗೂ ಹೇಳುವುದಿಷ್ಟೇ: ಬಾಗಿಲೊಳಗೆ ಬಂದವರನ್ನು ಗ್ರಾಹಕರೆಂದು ಅಲ್ಲ, ಮಾಲೀಕರೆಂದು ಕಾಣಿ.

ಈಗ ಸಂಸ್ಥಾಪಕ ಸದಸ್ಯರು ನಾಮಫಲಕವನ್ನು ಅನಾವರಣಗೊಳಿಸಿ ಶಾಖೆಯನ್ನು ಉದ್ಘಾಟಿಸಬೇಕೆಂದೂ, ಅನಂತರ ಲೆಕ್ಕಪರಿಶೋಧಕರು ಭದ್ರತಾ ಕೊಠಡಿಯನ್ನು ಉದ್ಘಾಟಿಸಬೇಕೆಂದೂ ಗೌರವಪೂರ್ವಕವಾಗಿ ಕೋರುತ್ತೇನೆ. ಮಾನ್ಯ ಅಧ್ಯಕ್ಷರು ಮತ್ತು ನಿರ್ದೇಶಕರು ಅವರೊಂದಿಗೆ ಮುಂಬಾಗಿಲ ಬಳಿಗೆ ದಯಮಾಡಿಸಬೇಕು.